ಗಿರಿಜ ಹೊಗಳಿದ್ದು ಯಾರನ್ನು?

ಗಿರಿಜ ತನ್ನನ್ನು ಹೊಗಳಿದಳು ಅಂತ ಪದ್ಮ ಸಾವಿತ್ರಿಗೆ ಹೇಳಿದಳು.

ಈ ವಾಕ್ಯದಲ್ಲಿ ಮೂವರು ಹೆಂಗಸರಿದ್ದಾರೆ. ಹೊಗಳಿಸಿಕೊಂಡವಳು ಯಾರು ಎಂದು ಕೇಳಿದರೆ ಕನ್ನಡ ಬಲ್ಲ ಯಾರೂ ತಡವರಿಸುವುದಿಲ್ಲ: ಪದ್ಮ. ಈಗ ಕ್ರಿಯಾಪದವನ್ನು ಕೊಂಚ ಬದಲಿಸೋಣ. ‘ಗಿರಿಜ ತನ್ನನ್ನು ಹೊಗಳಿಕೊಂಡಳು ಅಂತ ಪದ್ಮ ಸಾವಿತ್ರಿಗೆ ಹೇಳಿದಳು.’ ಹೊಗಳಿಕೆ ಪದ್ಮಳ ಕೈಬಿಟ್ಟು ಗಿರಿಜೆಗೆ ಹೋಯಿತು. ಇನ್ನೊಂದು ಬದಲಾವಣೆ ಮಾಡಿ ‘ಗಿರಿಜ ಅವಳನ್ನು ಹೊಗಳಿದಳು ಅಂತ ಪದ್ಮ ಸಾವಿತ್ರಿಗೆ ಹೇಳಿದಳು’ ಎಂದರೆ, ಈಗ ಅದು ಸಾವಿತ್ರಿಗೆ ಸಂದಿತು, ಇಲ್ಲವೇ ವಾಕ್ಯದ ಹೊರಗಿರುವ ನಾಲ್ಕನೆಯವಳೊಬ್ಬಳಿಗೆ.

ಶಾಲೆಯ ವ್ಯಾಕರಣ ‘ತಾನು, ತಾವು’ಗಳನ್ನು ಆತ್ಮಾರ್ಥಕ ಸರ್ವನಾಮ ಎಂದು ಕರೆದು ಮುಂದಿನ ಪಾಠಕ್ಕೆ ಹೋಗುತ್ತದೆ. ಆ ಹೆಸರನ್ನು ನಂಬಿದರೆ ಮೊದಲ ವಾಕ್ಯದಲ್ಲಿ ಹೊಗಳಿಕೆ ಗಿರಿಜೆಗೇ ಸೇರಬೇಕಿತ್ತು. ಹೊಗಳಿದವಳು ಅವಳೇ ತಾನೆ? ಆದರೆ ಸೇರುವುದಿಲ್ಲ. ‘ತನ್ನನ್ನು’ ಎಂಬ ಪದ ಪಕ್ಕದಲ್ಲೇ ಕೂತ ಗಿರಿಜೆಯನ್ನು ಬಿಟ್ಟು, ಎದುರಿಗೆ ಕೇಳುತ್ತ ನಿಂತ ಸಾವಿತ್ರಿಯನ್ನೂ ಬಿಟ್ಟು, ವಾಕ್ಯದ ಆ ಕೊನೆಯಲ್ಲಿರುವ ಪದ್ಮಳನ್ನು ಹುಡುಕಿಕೊಂಡು ಹೋಗುತ್ತದೆ. ಅದಕ್ಕೆ ವಾರಸುದಾರರನ್ನು ಗೊತ್ತುಮಾಡುವವರು ಯಾರು ಎಂಬುದು ಈ ಅಧ್ಯಾಯದ ಪ್ರಶ್ನೆ.

ಈ ಬಗೆಯ ಪ್ರಶ್ನೆಗೆ ಅತಿ ಹೆಸರಾದ ಉತ್ತರ ನೋಮ್ ಚಾಮ್‌ಸ್ಕಿ 1981ರ ತಮ್ಮ ಪುಸ್ತಕದಲ್ಲಿ ಮುಂದಿಟ್ಟದ್ದು. ಅದನ್ನು ಬೈಂಡಿಂಗ್ ಥಿಯರಿ, ಅಂದರೆ ಬಂಧನ ಸಿದ್ಧಾಂತ, ಎನ್ನುತ್ತಾರೆ. ಅದರ ತಿರುಳು ಮೂರು ಮಾತಿನಲ್ಲಿದೆ. ‘ಹಿಮ್‌ಸೆಲ್ಫ್’ ತರಹದ ಆತ್ಮಾರ್ಥಕ ಪದಕ್ಕೆ ತನ್ನದೇ ಉಪವಾಕ್ಯದೊಳಗೆ ವಾರಸುದಾರ ಸಿಗಲೇಬೇಕು. ‘ಹಿಮ್’ ತರಹದ ಸಾಮಾನ್ಯ ಸರ್ವನಾಮಕ್ಕೆ ಅದೇ ಉಪವಾಕ್ಯದೊಳಗೆ ವಾರಸುದಾರ ಇರಕೂಡದು. ಹೊರಗೆ ಎಲ್ಲಿದ್ದರೂ ಸರಿ. ಹೆಸರುಗಳಿಗೆ ಯಾರ ಹಂಗೂ ಇಲ್ಲ. ಇಂಗ್ಲಿಷಿಗೆ ಇದು ಚೆನ್ನಾಗಿ ಹೊಂದುತ್ತದೆ. ‘ಜಾನ್ ಥಿಂಕ್ಸ್ ಬಿಲ್ ಪ್ರೇಸ್ಡ್ ಹಿಮ್‌ಸೆಲ್ಫ್’ ಎಂದರೆ ಬಿಲ್ ಹೊಗಳಿದ್ದು ಬಿಲ್‌ನನ್ನೇ. ಜಾನ್‌ನನ್ನು ಸೂಚಿಸಬೇಕಾದರೆ ‘ಹಿಮ್’ ಎನ್ನಬೇಕು. ಎರಡು ಪದಗಳು ಸೀಮೆ ಹಂಚಿಕೊಂಡು ಕೂತಿವೆ: ಒಳಗಿನದು ಒಂದಕ್ಕೆ, ಹೊರಗಿನದು ಇನ್ನೊಂದಕ್ಕೆ.

ಕನ್ನಡದ ‘ತನ್ನನ್ನು’ ಈ ಗಡಿಕಲ್ಲನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ದಾಟುತ್ತದೆ. ಇದರಲ್ಲಿ ಅದು ಒಂಟಿಯೇನಲ್ಲ. ಚೀನಿಯ ‘ತ್ಸಜಿ’, ಜಪಾನಿಯ ‘ಜಿಬುನ್’, ಐಸ್‌ಲ್ಯಾಂಡಿನ ‘ಸಿಗ್’, ನೆರೆಯ ತಮಿಳು ಮಲಯಾಳಗಳ ‘ತಾನ್’ ಎಲ್ಲವೂ ಉಪವಾಕ್ಯದ ಬೇಲಿ ಹಾರಿ ಹೊರಗಿನ ಕರ್ತೃವನ್ನು ಹಿಡಿಯಬಲ್ಲವು. ಇವನ್ನು ದೂರಗಾಮಿ ಆತ್ಮಾರ್ಥಕಗಳು ಎನ್ನಬಹುದು. ಇವುಗಳಲ್ಲಿ ಕನ್ನಡದ್ದು ನೋಡಲು ವಿಶೇಷವಾಗಿ ಅನುಕೂಲವಾದದ್ದು. ಯಾಕೆಂದರೆ ಒಳಗಿನ ಕೆಲಸಕ್ಕೂ ಹೊರಗಿನ ಕೆಲಸಕ್ಕೂ ಪದ ಒಂದೇ ಆದರೂ, ಯಾವ ಕೆಲಸ ನಡೆಯುತ್ತಿದೆ ಎಂಬುದನ್ನು ಕ್ರಿಯಾಪದ ನಮಗೆ ಹೇಳಿಬಿಡುತ್ತದೆ.

ಒಳಗಿನ ಕೆಲಸವನ್ನು ಮೊದಲು ನೋಡೋಣ. ‘ಹರಿ ತನ್ನನ್ನು ಹೊಡೆದ’ ಎಂದಷ್ಟೇ ಹೇಳಿ ನಿಲ್ಲಿಸಿ. ಹರಿ ಹೊಡೆದದ್ದು ಹರಿಯನ್ನೇ ಎಂಬ ಅರ್ಥ ಬರಬೇಕಿತ್ತು, ಆದರೆ ವಾಕ್ಯ ಕುಂಟುತ್ತದೆ. ಇದರ ಸುತ್ತ ‘ಅಂತ ರಾಜು ದೂರಿದ’ ಎಂಬಂಥದ್ದು ಏನೋ ಇರಬೇಕು ಅನ್ನಿಸುತ್ತದೆ. ಅದನ್ನು ನೆಟ್ಟಗೆ ಮಾಡಲು ಎರಡು ದಾರಿಗಳಿವೆ. ಕ್ರಿಯಾಪದಕ್ಕೆ ‘ಕೊಳ್ಳು’ ಸೇರಿಸಿ ‘ಹರಿ ತನ್ನನ್ನು ಹೊಡೆದುಕೊಂಡ’ ಎನ್ನಬಹುದು. ಇಲ್ಲವೇ ಸರ್ವನಾಮವನ್ನು ಜೋಡಿಮಾಡಿ ‘ಹರಿ ತನ್ನನ್ನು ತಾನೇ ಹೊಡೆದ’ ಎನ್ನಬಹುದು. ಎರಡನ್ನೂ ಒಟ್ಟಿಗೆ ಬಳಸಿದರೂ ತಪ್ಪಿಲ್ಲ. ಏನೂ ಬಳಸದಿದ್ದರೆ ಮಾತ್ರ ಆ ‘ತನ್ನನ್ನು’ ಒಳಗೆ ನೆಲೆ ಸಿಗದೆ ಹೊರಗೆ ನೋಡತೊಡಗುತ್ತದೆ. ಮೊದಲ ವಾಕ್ಯದಲ್ಲಿ ಗಿರಿಜೆಗೆ ಹೊಗಳಿಕೆ ತಪ್ಪಿದ್ದು ಹೀಗೆ. ‘ಹೊಗಳಿದಳು’ ಎಂಬ ಬರಿಯ ಕ್ರಿಯಾಪದವೇ ಅವಳನ್ನು ಸರದಿಯಿಂದ ಹೊರಗಿಟ್ಟಿತು.

ಈ ಎರಡು ದಾರಿಗಳೂ ಒಂದೇ ಊರಿಗೆ ಹೋಗುತ್ತವೆಯೇ? ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ ಕನ್ನಡದ ಮೇಲೆ ಕೆಲಸ ಮಾಡಿ 2001ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇಲ್ಲ ಎಂದು ತೋರಿಸಿದರು. ಅದಕ್ಕೆ ಅವರು ಬಳಸಿದ್ದು ಮೇಣದ ಬೊಂಬೆಗಳ ಪರೀಕ್ಷೆ. ಇದನ್ನು ಮೊದಲು ಇಂಗ್ಲಿಷಿಗೆ ಒಡ್ಡಿದವರು ರೇ ಜಾಕೆಂಡಾಫ್, 1992ರಲ್ಲಿ. ಹೆಸರಾಂತ ನಟಿಯೊಬ್ಬಳು ಮೇಡಂ ಟುಸ್ಸಾಡ್ ಸಂಗ್ರಹಾಲಯಕ್ಕೆ ಹೋದಳೆಂದುಕೊಳ್ಳಿ. ಅಲ್ಲಿ ಅವಳದೇ ಮೇಣದ ಪ್ರತಿಮೆ ನಿಂತಿದೆ. ಅವಳು ಅದನ್ನು ನೋಡಿದಳು. ‘ನಟಿ ತನ್ನನ್ನು ತಾನೇ ನೋಡಿದಳು’ ಎಂದರೆ ಪ್ರತಿಮೆಯನ್ನು ನೋಡಿದಳು ಎಂಬ ಅರ್ಥಕ್ಕೆ ಜಾಗವಿದೆ. ‘ನಟಿ ತನ್ನನ್ನು ನೋಡಿಕೊಂಡಳು’ ಎಂದರೆ ಅಲ್ಲಿ ಪ್ರತಿಮೆ ಇಲ್ಲ. ಕನ್ನಡಿ ಇರಬಹುದು, ತನ್ನ ಸೀರೆಯ ನೆರಿಗೆ ಇರಬಹುದು, ಅಂತೂ ನೋಡಿದ್ದು ಅವಳ ಸ್ವಂತ ಮೈಯನ್ನು. ‘ಕೊಳ್ಳು’ ಸೇರಿದ ಕ್ರಿಯೆ ಮಾಡುವವರನ್ನೂ ಮಾಡಿಸಿಕೊಳ್ಳುವವರನ್ನೂ ಒಂದೇ ವ್ಯಕ್ತಿಯಾಗಿ ಬೆಸೆದುಬಿಡುತ್ತದೆ. ಜೋಡಿ ಸರ್ವನಾಮ ಅಷ್ಟು ಬಿಗಿಯಲ್ಲ. ನನಗೆ ಬದಲಾಗಿ ನನ್ನ ಚಿತ್ರವೋ ಪ್ರತಿಮೆಯೋ ನಿಂತರೂ ಅದು ಒಪ್ಪಿಕೊಳ್ಳುತ್ತದೆ.

ಹಾಗೆಂದು ‘ಕೊಳ್ಳು’ ಕಂಡಲ್ಲೆಲ್ಲ ಆತ್ಮಾರ್ಥ ಹುಡುಕಬಾರದು. ‘ಗಾಳಿಗೆ ಬಾಗಿಲು ಮುಚ್ಚಿಕೊಂಡಿತು’ ಎಂದಾಗ ಬಾಗಿಲು ತನಗೆ ತಾನು ಏನನ್ನೂ ಮಾಡಿಕೊಂಡಿಲ್ಲ. ‘ಟಿಕೆಟ್ ತೆಗೆದುಕೊಂಡ’ ಎನ್ನುವಾಗ ಅಲ್ಲಿರುವುದು ತನಗಾಗಿ ಎಂಬ ಲಾಭದ ಭಾವ. ಅದರ ಮನೆತನ ದೊಡ್ಡದು. ಇಲ್ಲಿ ನಮಗೆ ಬೇಕಾದದ್ದು ಒಂದೇ ಸಂಗತಿ: ಒಂಟಿ ‘ತನ್ನನ್ನು’ ಕರ್ಮಸ್ಥಾನದಲ್ಲಿದ್ದು ಕ್ರಿಯಾಪದದ ಮೇಲೆ ‘ಕೊಳ್ಳು’ ಇಲ್ಲವಾದರೆ, ಪಕ್ಕದ ಕರ್ತೃ ಅದರ ವಾರಸುದಾರ ಅಲ್ಲ. ‘ತನ್ನ’ ಎಂಬ ಷಷ್ಠಿಗೆ ಈ ನಿರ್ಬಂಧ ಇಲ್ಲ. ‘ಹರಿ ತನ್ನ ಅಂಗಡಿ ಮಾರಿದ’ ಎನ್ನಲು ಯಾವ ‘ಕೊಳ್ಳು’ವೂ ಬೇಡ. ಅಂಗಡಿ ಹರಿಯದಾದರೂ ಅಂಗಡಿಯೇ ಹರಿ ಅಲ್ಲವಷ್ಟೆ.

ಇನ್ನು ಸಾವಿತ್ರಿ. ಅವಳು ಯಾಕೆ ವಾರಸುದಾರಳಾಗಲಿಲ್ಲ? ಉತ್ತರ ಚಿಕ್ಕದು: ಅವಳು ಕರ್ತೃವಲ್ಲ. ‘ತಾನು’ ಕರ್ತೃವನ್ನು ಬಿಟ್ಟು ಬೇರೆಯವರ ಕಡೆ ತಿರುಗಿ ನೋಡುವುದಿಲ್ಲ. ಆದರೆ ಕರ್ತೃ ಯಾರು ಎಂದು ಹೇಳುವುದು ಕನ್ನಡದಲ್ಲಿ ತೋರುವಷ್ಟು ಸುಲಭವಲ್ಲ, ಅಲ್ಲಿಯೇ ‘ತಾನು’ ಒಂದು ಉಪಕರಣವಾಗಿ ನೆರವಿಗೆ ಬರುತ್ತದೆ.

ಪ್ರಥಮಾ ವಿಭಕ್ತಿ ಇದ್ದವನೇ ಕರ್ತೃ, ಕ್ರಿಯಾಪದ ಯಾರ ಲಿಂಗ ವಚನಗಳಿಗೆ ಹೊಂದುತ್ತದೋ ಅವನೇ ಕರ್ತೃ ಎಂದು ಕಲಿತಿದ್ದೇವೆ. ಈ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಡಿ. ‘ಸೀತಾ ರಾಧೆಗೆ ತನ್ನ ಸೀರೆ ಕೊಟ್ಟಳು.’ ‘ರಾಧೆಗೆ ತನ್ನ ಸೀರೆ ಇಷ್ಟವಾಯಿತು.’ ಎರಡರಲ್ಲೂ ರಾಧೆ ಚತುರ್ಥಿಯಲ್ಲಿದ್ದಾಳೆ. ಅದೇ ‘-ಗೆ’ ಪ್ರತ್ಯಯ. ಮೊದಲನೆಯದರಲ್ಲಿ ಸೀರೆ ಸೀತೆಯದು, ರಾಧೆಯದಾಗಲು ಸಾಧ್ಯವೇ ಇಲ್ಲ. ಅದಕ್ಕೆ ‘ಅವಳ ಸೀರೆ’ ಎನ್ನಬೇಕಾಗುತ್ತಿತ್ತು. ಎರಡನೆಯದರಲ್ಲಿ ಸೀರೆ ರಾಧೆಯದು. ಅಲ್ಲಿ ಪ್ರಥಮೆಯಲ್ಲಿರುವುದು ಸೀರೆ, ‘ಇಷ್ಟವಾಯಿತು’ ಎಂಬ ನಪುಂಸಕ ರೂಪ ಹೊಂದುವುದೂ ಸೀರೆಗೇ. ಆದರೂ ‘ತನ್ನ’ ಎಂಬ ಪದ ರಾಧೆಯನ್ನು ಕರ್ತೃವೆಂದು ಗುರುತಿಸಿ ಅವಳಿಗೆ ಅಂಟಿಕೊಳ್ಳುತ್ತದೆ. ಹಸಿವಾಗುವುದು, ನೆನಪಾಗುವುದು, ಬೇಕಾಗುವುದು, ಕಾಣುವುದು, ಗೊತ್ತಿರುವುದು ಹೀಗೆ ಮನಸ್ಸಿಗೆ ಮೈಗೆ ಆಗುವ ಅನುಭವಗಳನ್ನು ಕನ್ನಡ ಚತುರ್ಥಿಯಲ್ಲಿ ಹೇಳುತ್ತದೆ, ಅನುಭವಿಸುವವರು ಆ ವಾಕ್ಯದ ಒಳಗಿನ ಕರ್ತೃವಾಗಿರುತ್ತಾರೆ. ಹೊರಗಿನ ವೇಷ ‘-ಗೆ’ ಆದರೂ ಒಳಗಿನ ಪಾತ್ರ ಏನೆಂಬುದು ‘ತನ್ನ’ ಎಂಬುದಕ್ಕೆ ಗೊತ್ತು. ದ್ರಾವಿಡ ಭಾಷೆಗಳ ಚತುರ್ಥೀ ಕರ್ತೃವಿನ ಬಗ್ಗೆ ಬರೆದವರು ಹೆಚ್ಚುಕಡಿಮೆ ಎಲ್ಲರೂ ಈ ಪರೀಕ್ಷೆಯನ್ನು ಮೊದಲ ಸಾಲಿನಲ್ಲಿ ಬಳಸಿದ್ದಾರೆ.

ಕರ್ಮಣಿ ಪ್ರಯೋಗಕ್ಕೂ ಇದೇ ಉತ್ತರ. ‘ಕಳ್ಳ ಇನ್‌ಸ್ಪೆಕ್ಟರನಿಂದ ತನ್ನ ಮನೆಯಲ್ಲೇ ಬಂಧಿಸಲ್ಪಟ್ಟ’ ಎಂದರೆ ಮನೆ ಕಳ್ಳನದು. ಬಂಧಿಸಿದ್ದು ಇನ್‌ಸ್ಪೆಕ್ಟರ್ ಆದರೂ ಅವನ ಮನೆ ಅದಲ್ಲ. ಕೆಲಸ ಮಾಡಿದವರಾರು ಎನ್ನುವುದು ‘ತನ್ನ’ಕ್ಕೆ ಮುಖ್ಯವಲ್ಲ; ವಾಕ್ಯದ ಕಟ್ಟಡದಲ್ಲಿ ಕರ್ತೃವಿನ ಮೆಟ್ಟಿಲ ಮೇಲೆ ಕೂತವರು ಯಾರು ಎನ್ನುವುದು ಮುಖ್ಯ.

ಆ ಮೆಟ್ಟಿಲ ಮೇಲೆ ಇಡಿಯಾಗಿ ಕೂತಿರಬೇಕು ಎನ್ನುವುದೂ ಒಂದು ಷರತ್ತು. ‘ಹರಿಯ ತಾಯಿ ತನ್ನ ತವರಿಗೆ ಹೋದಳು.’ ತವರು ತಾಯಿಯದು ಎಂಬುದು ಸರಿ, ಅದು ಪದದ ಅರ್ಥದಿಂದಲೇ ಗೊತ್ತಾಗುತ್ತದೆ ಎನ್ನಬಹುದು. ‘ಹರಿಯ ತಾಯಿ ತನ್ನ ಮೇಷ್ಟ್ರನ್ನು ಕಂಡಳು’ ಎನ್ನಿ. ಶಾಲೆಗೆ ಹೋಗುವವನು ಹರಿ, ಮೇಷ್ಟ್ರು ಅವನಿಗಿರುವುದೇ ಸಹಜ. ಆದರೂ ಈ ವಾಕ್ಯ ಕೇಳಿದ ಕೂಡಲೇ ತಾಯಿ ಚಿಕ್ಕಂದಿನಲ್ಲಿ ಕಲಿತ ಮೇಷ್ಟ್ರು ಎದುರು ಬರುತ್ತಾರೆ. ಲೋಕದ ತಿಳಿವಳಿಕೆ ಒಂದು ಕಡೆ ಎಳೆದರೂ ವ್ಯಾಕರಣ ಇನ್ನೊಂದು ಕಡೆಗೇ ನಿಲ್ಲುತ್ತದೆ. ಹರಿ ಕರ್ತೃವಿನೊಳಗೆ ಇದ್ದಾನೆ, ಆದರೆ ಕರ್ತೃ ಅವನಲ್ಲ. ಭಾಷಾವಿಜ್ಞಾನಿಗಳು ಇದನ್ನು ಮರದ ಚಿತ್ರ ಬರೆದು ತೋರಿಸುತ್ತಾರೆ: ‘ಹರಿಯ ತಾಯಿ’ ಎಂಬ ಕೊಂಬೆ ಪೂರ್ತಿಯಾಗಿ ‘ತನ್ನ’ ಇರುವ ಕೊಂಬೆಯ ಮೇಲೆ ಅಧಿಕಾರ ಪಡೆದಿದೆ, ಅದರೊಳಗಿನ ‘ಹರಿ’ ಎಂಬ ಕಿರುಕೊಂಬೆಗೆ ಆ ಅಧಿಕಾರವಿಲ್ಲ. ಚೀನಿಯ ‘ತ್ಸಜಿ’ ಇಲ್ಲಿ ಒಂದು ಸಡಿಲಿಕೆ ಕೊಡುತ್ತದೆ. ‘ಅವನ ಅಹಂಕಾರ’ ಎಂಬಂಥ ನಿರ್ಜೀವ ಕರ್ತೃವಿದ್ದರೆ ಒಳಗಿನ ‘ಅವನ’ನ್ನು ಹಿಡಿಯಲು ಅದು ಹಿಂಜರಿಯುವುದಿಲ್ಲ. ನಾವು ಮಾತ್ರ ‘ಅವನ ಅಹಂಕಾರ ಅವನನ್ನೇ ಹಾಳುಮಾಡಿತು’ ಎನ್ನುತ್ತೇವೆ. ‘ತನ್ನನ್ನೇ’ ಎಂದರೆ ಕಿವಿಗೆ ಚುಚ್ಚುತ್ತದೆ.

ಕಣ್ಣಿಗೆ ಕಾಣದ ಕರ್ತೃಗಳೂ ಇರುತ್ತಾರೆ, ಪತ್ರಿಕೆಗಳ ವರದಿಗಳಲ್ಲಿ ಎಡವಟ್ಟಾಗುವುದು ಅಲ್ಲೇ. ‘ಸಚಿವರು ರೈತರಿಗೆ ತಮ್ಮ ಕಷ್ಟಗಳನ್ನು ಹೇಳಿಕೊಳ್ಳುವಂತೆ ಸೂಚಿಸಿದರು.’ ಕಷ್ಟ ರೈತರದು ಎಂದೇ ಓದುತ್ತೇವೆ. ಆದರೆ ರೈತರು ಇಲ್ಲಿ ಚತುರ್ಥಿಯಲ್ಲಿದ್ದಾರೆ, ಅನುಭವಿಸುವ ಚತುರ್ಥಿಯೂ ಅಲ್ಲ, ನಿಯಮ ಮುರಿಯಿತೇ? ಇಲ್ಲ. ‘ಹೇಳಿಕೊಳ್ಳುವಂತೆ’ ಎಂಬ ಕ್ರಿಯೆಗೂ ಒಬ್ಬ ಕರ್ತೃ ಬೇಕು, ಆ ಕರ್ತೃ ಮಾತಿನಲ್ಲಿ ಇಲ್ಲದಿದ್ದರೂ ರೈತರೇ. ‘ತಮ್ಮ’ ಹಿಡಿದದ್ದು ಆ ಅಡಗಿದ ಕರ್ತೃವನ್ನು. ಈಗ ‘ಸಚಿವರು ರೈತರಿಗೆ ತಮ್ಮ ಕಚೇರಿಗೆ ಬರುವಂತೆ ಸೂಚಿಸಿದರು’ ಎಂದು ಬದಲಿಸಿದರೆ ಕಚೇರಿ ಸಚಿವರದಾಗುತ್ತದೆ. ವ್ಯಾಕರಣ ಎರಡಕ್ಕೂ ಎರಡೂ ಅರ್ಥ ಕೊಡುತ್ತದೆ. ಆಯ್ಕೆ ಮಾಡುವುದು ನಮ್ಮ ಲೋಕಜ್ಞಾನ. ಬಹುವಚನ ಮತ್ತು ಗೌರವಸೂಚಕ ಎರಡಕ್ಕೂ ‘ತಮ್ಮ’ ಒಂದೇ ಆಗಿರುವುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಜಮೀನು, ಮನೆ, ಮಗಳ ಮದುವೆ ಮುಂತಾದ ಎರಡೂ ಕಡೆ ಇರಬಹುದಾದ ವಸ್ತು ಬಂದರೆ ವರದಿಗಾರ ಹೆಸರನ್ನೇ ಮತ್ತೊಮ್ಮೆ ಬರೆಯುವುದು ಕ್ಷೇಮ.

ಹಾಗಾದರೆ ‘ತಾನು’ ಎಷ್ಟು ದೂರ ಹೋಗಬಲ್ಲದು? ಇಷ್ಟೇ ಎಂಬ ಮಿತಿ ಇಲ್ಲ. ‘ಗಿರಿಜ ತನ್ನನ್ನು ಹೊಗಳಿದಳು ಅಂತ ಸಾವಿತ್ರಿ ಅಂದುಕೊಂಡಿದ್ದಾಳೆ ಅಂತ ಪದ್ಮ ಹೇಳಿದಳು.’ ಸಾವಿತ್ರಿ ಈಗ ಬಡ್ತಿ ಪಡೆದು ನಡುವಿನ ಉಪವಾಕ್ಯದ ಕರ್ತೃವಾಗಿದ್ದಾಳೆ. ಆದ್ದರಿಂದ ಅವಳೂ ಅರ್ಹಳು, ಪದ್ಮಳೂ ಅರ್ಹಳು. ಗಿರಿಜೆಗೆ ಮಾತ್ರ ಈಗಲೂ ಇಲ್ಲ.

ದೂರ ಮತ್ತು ಕರ್ತೃನಿಷ್ಠೆ ಎರಡೂ ಜೊತೆಯಾಗಿಯೇ ಬರುವುದೇಕೆ ಎಂಬುದು ಭಾಷಾವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ. 1980ರ ದಶಕದಲ್ಲಿ ಪಿಯರ್ ಪಿಕಾ ಒಂದು ಗಮನಾರ್ಹ ಸಂಗತಿ ಕಂಡರು. ದೂರಕ್ಕೆ ಹೋಗುವ ಆತ್ಮಾರ್ಥಕಗಳೆಲ್ಲ ಸಾಮಾನ್ಯವಾಗಿ ಒಂದೇ ತುಂಡಿನ ಪದಗಳು. ‘ಹಿಮ್-ಸೆಲ್ಫ್’ ಹಾಗೆ ಎರಡು ತುಂಡಿನವು ಮನೆ ಬಿಟ್ಟು ಹೊರಡುವುದಿಲ್ಲ. ಕನ್ನಡ ಇದಕ್ಕೆ ಹೇಳಿ ಮಾಡಿಸಿದಂತಿದೆ: ‘ತನ್ನನ್ನು’ ದೂರಗಾಮಿ, ‘ತನ್ನನ್ನು ತಾನೇ’ ಮನೆಯೊಳಗಿನದು. ‘ಗಿರಿಜ ತನ್ನನ್ನು ತಾನೇ ಹೊಗಳಿದಳು ಅಂತ ಪದ್ಮ ಹೇಳಿದಳು’ ಎಂದರೆ ಹೊಗಳಿಕೆ ಗಿರಿಜೆಯದೇ, ಪದ್ಮಳದಲ್ಲ. ಇದರಿಂದ ಹುಟ್ಟಿದ ವಿವರಣೆ ಹೀಗಿದೆ. ಒಂಟಿ ಪದ ಹಗುರ. ವಾಕ್ಯದ ಅರ್ಥ ಕೂಡಿಬರುವಾಗ ಅದು ಕಣ್ಣಿಗೆ ಕಾಣದ ಹಾಗೆ ಕ್ರಿಯಾಪದದ ಕಾಲಪ್ರತ್ಯಯದ ಜಾಗಕ್ಕೆ ಏರುತ್ತದೆ, ಅಲ್ಲಿಂದ ಮೇಲಿನ ಉಪವಾಕ್ಯದ ಅದೇ ಜಾಗಕ್ಕೆ, ಅಲ್ಲಿಂದ ಇನ್ನೂ ಮೇಲಕ್ಕೆ. ಅಷ್ಟು ಎತ್ತರದಲ್ಲಿ ನಿಂತು ನೋಡಿದರೆ ಅದಕ್ಕಿಂತ ಮೇಲೆ ಇರುವುದು ಕರ್ತೃ ಮಾತ್ರ. ಕರ್ಮ, ಸಂಪ್ರದಾನ ಎಲ್ಲ ಕೆಳಗೆ ಉಳಿದಿರುತ್ತವೆ. ಹೀಗೆ ಒಂದೇ ಚಲನೆ ಎರಡು ಗುಣಗಳನ್ನೂ ವಿವರಿಸಿಬಿಡುತ್ತದೆ. ಸಿದ್ಧಾಂತಗಳಲ್ಲಿ ಇಂಥ ಅಂದ ಆಗಾಗ ಸಿಗುವುದಿಲ್ಲ, ಅದಕ್ಕೇ ಜನ ಇದನ್ನು ಬಿಡಲು ಮನಸ್ಸು ಮಾಡಲಿಲ್ಲ.

ಚೀನಿಯಿಂದ ಇದಕ್ಕೆ ಒಂದು ಬಲವಾದ ಸಾಕ್ಷಿಯೂ ಸಿಕ್ಕಿತು. ‘ತ್ಸಜಿ’ ಮೇಲೆ ಏರುವ ದಾರಿಯಲ್ಲಿ ನಡುವಿನ ಉಪವಾಕ್ಯದ ಕರ್ತೃ ‘ನಾನು’ ಅಥವಾ ‘ನೀನು’ ಆಗಿದ್ದರೆ ಅದು ಅಲ್ಲೇ ನಿಂತುಬಿಡುತ್ತದೆ. ಮೇಲಿನ ಪ್ರಥಮಪುರುಷದ ಕರ್ತೃವನ್ನು ಮುಟ್ಟಲಾರದು. ಹೆಜ್ಜೆಹೆಜ್ಜೆಗೂ ಪುರುಷ ಹೊಂದಬೇಕು, ಹೊಂದದಿದ್ದರೆ ದಾರಿ ಬಂದ್ ಎಂದು ಪೀಟರ್ ಕೋಲ್, ಗೇಬ್ರಿಯೆಲಾ ಹರ್ಮನ್ ಮತ್ತು ಲಿ-ಮೇ ಸುಂಗ್ 1990ರಲ್ಲಿ ಇದನ್ನು ಚಲನೆಯ ಲೆಕ್ಕಕ್ಕೆ ಸೇರಿಸಿದರು.

ಈಗ ಕನ್ನಡವನ್ನು ಕೇಳಿ ನೋಡಿ. ‘ನಾನು ತನ್ನನ್ನು ಬೈದೆ ಅಂತ ರಮೇಶ ಊರೆಲ್ಲ ಹೇಳಿಕೊಂಡು ತಿರುಗ್ತಿದಾನೆ.’ ನಡುವೆ ‘ನಾನು’ ಗಟ್ಟಿಯಾಗಿ ಕೂತಿದ್ದರೂ ‘ತನ್ನನ್ನು’ ಅದನ್ನು ದಾಟಿ ರಮೇಶನನ್ನು ಹಿಡಿಯಿತು, ಯಾವ ಅಡಚಣೆಯೂ ಆಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಚೀನಿಯ ‘ತ್ಸಜಿ’ ನಾನು, ನೀನು, ಅವನು ಮೂವರಿಗೂ ಸಲ್ಲುವ ಪದ, ಹಾಗಾಗಿ ಅಡ್ಡ ಬಂದ ‘ನಾನು’ ಅದಕ್ಕೊಬ್ಬ ಪ್ರತಿಸ್ಪರ್ಧಿ. ಕನ್ನಡದ ‘ತಾನು’ ಪ್ರಥಮಪುರುಷಕ್ಕೆ ಮಾತ್ರ. ‘ನಾನು ನನ್ನನ್ನು ಕನ್ನಡಿಯಲ್ಲಿ ನೋಡಿಕೊಂಡೆ’ ಎನ್ನುತ್ತೇವೆಯೇ ಹೊರತು ‘ತನ್ನನ್ನು ನೋಡಿಕೊಂಡೆ’ ಎನ್ನುವುದಿಲ್ಲ. ಸ್ಪರ್ಧೆಗೇ ಇಳಿಯದವನು ದಾರಿ ಕಟ್ಟುವುದು ಹೇಗೆ?

ಚಲನೆಯ ವಾದಕ್ಕೆ ಇನ್ನೊಂದು ತೊಂದರೆ ಇದೆ, ಇದು ಹೆಚ್ಚು ಗಂಭೀರ. ‘ತನ್ನನ್ನು ಕಚ್ಚಿದ ನಾಯಿಯನ್ನು ಹರಿ ಹುಡುಕುತ್ತಿದ್ದಾನೆ.’ ‘ತನ್ನನ್ನು’ ಇರುವುದು ‘ಕಚ್ಚಿದ’ ಎಂಬ ಕೃದಂತದ ಒಳಗೆ, ಅದರ ಕರ್ತೃ ನಾಯಿ. ವಾರಸುದಾರ ಹರಿ ಹೊರಗಿದ್ದಾನೆ. ನಾಮಪದವನ್ನು ಬಣ್ಣಿಸುವ ಇಂಥ ಉಪವಾಕ್ಯಗಳ ಒಳಗಿಂದ ಏನನ್ನೂ ಹೊರಗೆ ತೆಗೆಯಲಾಗದು ಎಂಬುದು ವಾಕ್ಯವಿಜ್ಞಾನದ ಹಳೆಯ, ಗಟ್ಟಿ ಫಲಿತಾಂಶಗಳಲ್ಲಿ ಒಂದು. ಅವುಗಳಿಗೆ ದ್ವೀಪ ಎಂದೇ ಹೆಸರು. ‘ತನ್ನನ್ನು’ ನಿಜವಾಗಿ ಚಲಿಸುವುದಾದರೆ ದ್ವೀಪದಿಂದ ಪಾರಾಗಿ ಬಂದದ್ದು ಹೇಗೆ? ಚಲಿಸುವುದಿಲ್ಲವಾದರೆ ಕರ್ತೃನಿಷ್ಠೆಯ ಆ ಸೊಗಸಾದ ವಿವರಣೆ ಕೈತಪ್ಪುತ್ತದೆ. ನನ್ನ ಮಟ್ಟಿಗೆ, ಕಡಿಮೆ ನಷ್ಟದ್ದು ಎರಡನೆಯದು.

ಅದಕ್ಕೆ ಬದಲಾಗಿ ಬಂದ ವಿಚಾರ ವಾಕ್ಯದ ಕಟ್ಟಡವನ್ನು ಬಿಟ್ಟು, ಮಾತು ಯಾರ ಮನಸ್ಸಿನಿಂದ ಹೊರಟಿದೆ ಎಂದು ಕೇಳುತ್ತದೆ. ಪಶ್ಚಿಮ ಆಫ್ರಿಕದ ಎವೆ ಭಾಷೆಯಲ್ಲಿ ‘ಯೆ’ ಎಂಬ ಸರ್ವನಾಮವಿದೆ. ಅದು ಬರುವುದು ಇನ್ನೊಬ್ಬರ ಮಾತನ್ನೋ ಯೋಚನೆಯನ್ನೋ ವರದಿ ಮಾಡುವಾಗ ಮಾತ್ರ, ಸೂಚಿಸುವುದು ಆ ಮಾತಾಡಿದವರನ್ನೇ. ಕ್ಲೋಡ್ ಹಾಜೆಜ್ 1974ರಲ್ಲಿ ಇಂಥ ಪದಗಳನ್ನು ‘ಲೋಗೊಫೋರಿಕ್’ ಎಂದು ಕರೆದರು. ಮರುವರ್ಷ ಜಾರ್ಜ್ ಕ್ಲೆಮೆಂಟ್ಸ್ ಎವೆಯ ‘ಯೆ’ಯನ್ನು ವಿವರವಾಗಿ ಬಣ್ಣಿಸಿದರು. ಕನ್ನಡದ ದೂರಗಾಮಿ ‘ತಾನು’ ಇದರ ನೆಂಟ ಎಂದು ತೋರಿಸಲು ಹೆಚ್ಚು ಹುಡುಕಬೇಕಿಲ್ಲ. ‘ಸುಧಾ ತಾನು ನಾಳೆ ಬರ್ತೀನಿ ಅಂದಳು.’ ಇಲ್ಲಿ ಕ್ರಿಯಾಪದ ‘ಬರ್ತೀನಿ’. ಕರ್ತೃ ‘ತಾನು’, ಪ್ರಥಮಪುರುಷ. ಕ್ರಿಯೆಗೆ ಹತ್ತಿದ ಪ್ರತ್ಯಯ ‘ನಾನು’ಗೆ ಸಲ್ಲಬೇಕಾದ ಉತ್ತಮಪುರುಷದ್ದು. ಶಾಲೆಯ ಲೆಕ್ಕದಲ್ಲಿ ಇದು ಶುದ್ಧ ತಪ್ಪು, ಆದರೆ ‘ತಾನು ನಾಳೆ ಬರ್ತಾಳೆ ಅಂದಳು’ ಎಂದು ತಿದ್ದಲು ಹೋದರೆ ವಾಕ್ಯವೇ ಕೆಡುತ್ತದೆ. ‘ತಾನು’ ಹೊರಮೈಯಲ್ಲಿ ಅವಳು, ಒಳಗೆ ಸುಧಾಳ ಬಾಯಲ್ಲಿದ್ದ ‘ನಾನು’. ಕ್ರಿಯಾಪದಕ್ಕೆ ಆ ಒಳಗಿನ ‘ನಾನು’ ಕಾಣುತ್ತದೆ.

ಇದರ ಪರಿಣಾಮ ಸೂಕ್ಷ್ಮವಾದದ್ದು. ಭೌತವಿಜ್ಞಾನಿ ಅರ್ನ್‌ಸ್ಟ್ ಮಾಖ್ 1886ರ ತಮ್ಮ ಪುಸ್ತಕದಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ರಾತ್ರಿಯ ರೈಲು ಪ್ರಯಾಣದಿಂದ ದಣಿದು ಕುದುರೆ ಬಸ್ಸು ಹತ್ತಿದಾಗ ಎದುರು ತುದಿಯಿಂದ ಒಬ್ಬ ಮನುಷ್ಯ ಹತ್ತುತ್ತಿರುವುದು ಕಾಣಿಸಿತು. ಎಂಥ ಕಳೆಗೆಟ್ಟ ಮೇಷ್ಟ್ರು ಇವನು ಅಂದುಕೊಂಡರು. ಎದುರಿಗಿದ್ದದ್ದು ದೊಡ್ಡ ಕನ್ನಡಿ. ಆ ಮೊದಲ ಕ್ಷಣವನ್ನು ಕನ್ನಡದಲ್ಲಿ ಹೇಳಬೇಕಾದರೆ ‘ಅವನು ಕಳೆಗೆಟ್ಟ ಮೇಷ್ಟ್ರು ಅಂತ ಮಾಖ್ ಅಂದುಕೊಂಡರು’ ಎನ್ನಬಹುದು. ‘ತಾನು ಕಳೆಗೆಟ್ಟ ಮೇಷ್ಟ್ರು ಅಂತ ಮಾಖ್ ಅಂದುಕೊಂಡರು’ ಎಂದರೆ ಸುಳ್ಳಾಗುತ್ತದೆ. ಅದು ನಿಜವಾಗುವುದು ಕನ್ನಡಿ ಎಂದು ಹೊಳೆದ ಮೇಲೆ. ಎರಡೂ ವಾಕ್ಯಗಳು ಒಬ್ಬನೇ ಮನುಷ್ಯನ ಬಗ್ಗೆ ಇವೆ. ಆದರೆ ‘ತಾನು’ ಬಳಸಬೇಕಾದರೆ ಅದು ನಾನೇ ಎಂಬ ಅರಿವು ಅಂದುಕೊಂಡವರಲ್ಲಿ ಇರಬೇಕು.

ಹೀಗಿದ್ದ ಮೇಲೆ ಎಲ್ಲವನ್ನೂ ಮನಸ್ಸಿಗೇ ಬಿಟ್ಟುಬಿಡಬಹುದಲ್ಲ ಅನ್ನಿಸುತ್ತದೆ. ಆಗುವುದಿಲ್ಲ. ‘ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದೆ’ ಎಂದು ಪ್ರತಿ ಪಠ್ಯಪುಸ್ತಕವೂ ಬರೆಯುತ್ತದೆ, ಭೂಮಿಗೆ ಮನಸ್ಸಿಲ್ಲ. ಒಂದೇ ಉಪವಾಕ್ಯದೊಳಗಿನ ‘ತನ್ನ’ಕ್ಕೆ ಕರ್ತೃವೊಂದಿದ್ದರೆ ಸಾಕು, ಅದು ಕಲ್ಲಾದರೂ ಸರಿ. ಅಂದರೆ ಒಳಗಿನ ‘ತಾನು’ ವ್ಯಾಕರಣದ ಕೂಸು, ಚಾಮ್‌ಸ್ಕಿಯ ನಿಯಮ ಅಲ್ಲಿ ಸುಮಾರಾಗಿ ನಡೆಯುತ್ತದೆ. ಗಡಿ ದಾಟಿದ ‘ತಾನು’ ಬೇರೆ ಜಾತಿಯದು.

ಗಡಿ ದಾಟಿದ ಮೇಲೂ ಅರಿವು ಇರಲೇಬೇಕು ಎನ್ನುವಂತಿಲ್ಲ ಎಂಬುದು ಮುಂದಿನ ಸಿಕ್ಕು. ‘ತನ್ನ ಬೆನ್ನ ಹಿಂದೆ ನಿಂತಿದ್ದ ಹುಲಿ ಹರಿಗೆ ಕಾಣಲಿಲ್ಲ.’ ವಾಕ್ಯ ಸಲೀಸಾಗಿದೆ. ‘ತನ್ನ’ ಇರುವುದು ‘ನಿಂತಿದ್ದ’ ಎಂಬ ಕೃದಂತದೊಳಗೆ, ವಾರಸುದಾರ ಹೊರಗಿನ ಚತುರ್ಥೀ ಕರ್ತೃ ಹರಿ. ಪಾಪ, ಅವನಿಗೆ ಹುಲಿಯ ಸುಳಿವೇ ಇಲ್ಲ. ಅವನ ಮಾತನ್ನೋ ಯೋಚನೆಯನ್ನೋ ಇಲ್ಲಿ ಯಾರೂ ವರದಿ ಮಾಡುತ್ತಿಲ್ಲ. ಆದರೆ ದೃಶ್ಯವನ್ನು ನಾವು ಅವನ ಮೈ ಇರುವ ಜಾಗದಿಂದ ನೋಡುತ್ತಿದ್ದೇವೆ. ಪೀಟರ್ ಸೆಲ್ಸ್ 1987ರಲ್ಲಿ ಜಪಾನಿಯ ‘ಜಿಬುನ್’ ಮುಂತಾದವನ್ನು ಹಿಡಿದು, ನಾವು ದೃಷ್ಟಿಕೋನ ಎಂದು ಒಟ್ಟಾಗಿ ಕರೆಯುವುದರಲ್ಲಿ ಮೂರು ಪಾತ್ರಗಳಿವೆ ಎಂದರು: ಮಾತು ಹೊರಟ ಬಾಯಿ, ಯೋಚನೆ ನಡೆದ ಮನಸ್ಸು, ನೋಟ ನಿಂತ ಜಾಗ. ಸುಧಾಳ ವಾಕ್ಯದಲ್ಲಿ ಮೂರೂ ಅವಳಲ್ಲೇ ಕೂಡಿದ್ದವು. ಹುಲಿಯ ವಾಕ್ಯದಲ್ಲಿ ಹರಿಗೆ ಉಳಿದದ್ದು ಕೊನೆಯದೊಂದೇ, ‘ತನ್ನ’ಕ್ಕೆ ಅದೇ ಸಾಕಾಯಿತು. ಮಾಖ್ ಅವರ ವಾಕ್ಯದಲ್ಲಿ ‘ಅಂದುಕೊಂಡರು’ ಎಂಬ ಕ್ರಿಯೆ ಮನಸ್ಸನ್ನೇ ಎದುರಿಗೆ ತಂದಿದ್ದರಿಂದ ಅಲ್ಲಿ ಅರಿವಿನ ಷರತ್ತು ಬಿಗಿಯಾಯಿತು.

ಹಾಗಾದರೆ ಗಡಿಯಾಚೆ ಬೇಕಾದದ್ದು ಕನಿಷ್ಠ ಒಂದು ನೋಟದ ನೆಲೆ. ಇದನ್ನು ಪರೀಕ್ಷಿಸಲು ನಿರ್ಜೀವ ಕರ್ತೃಗಳು ಒಳ್ಳೆಯ ಸಾಧನ. ಫ್ರೆಂಚ್ ಭಾಷೆಯ ಮೇಲೆ ಇಸಬೆಲ್ ಶಾರ್ನವೆಲ್ ಇದೇ ಉಪಾಯ ಹೂಡಿದ್ದಾರೆ: ವಾರಸುದಾರ ನಿರ್ಜೀವವಾದರೆ ದೃಷ್ಟಿಕೋನದ ಬೆಂಬಲ ತಪ್ಪುತ್ತದೆ, ಉಳಿಯುವುದು ಬರಿಯ ವ್ಯಾಕರಣ. ಕನ್ನಡದಲ್ಲಿ ಯಾರು ಬೇಕಾದರೂ ಮಾಡಿ ನೋಡಬಹುದು. ಗಾಳಿಗೆ ಮರವೊಂದು ಉರುಳಿ, ಅದನ್ನು ಕಡಿಯಲು ಬಂದಿದ್ದವನ ಮೇಲೆ ಬಿದ್ದಿದೆ. ವರದಿಗಾರ ಬರೆಯುವುದು ‘ಮರ ಅದನ್ನು ಕಡಿಯಲು ಬಂದವನ ಮೇಲೆ ಬಿತ್ತು’ ಎಂದು. ‘ಮರ ತನ್ನನ್ನು ಕಡಿಯಲು ಬಂದವನ ಮೇಲೆ ಬಿತ್ತು’ ಎಂದು ಬದಲಿಸಿ. ವ್ಯಾಕರಣ ಕೆಟ್ಟಿಲ್ಲ, ಆದರೆ ಈಗ ಇದು ಕಥೆ. ಈ ಮರಕ್ಕೆ ಕೊಡಲಿಯ ಭಯವಿದೆ, ಸೇಡೂ ಇದೆ. ‘ಮರ ತನ್ನ ಎಲೆ ಉದುರಿಸಿತು’ ಎಂದಾಗ ಈ ಯಾವ ಮಾಯೆಯೂ ನಡೆದಿರಲಿಲ್ಲ.

ಇಂಥ ತೀರ್ಪುಗಳು ಎಲ್ಲರ ಕಿವಿಯಲ್ಲೂ ಒಂದೇ ಹದದಲ್ಲಿ ಬರುವುದಿಲ್ಲ. ಆಡುಮಾತಿನಲ್ಲಿ ‘ತನ್ನ’ ಬರಬೇಕಾದ ಕಡೆ ‘ಅವನ’ ಎಂದು ಹೇಳುವವರು ಬೇಕಾದಷ್ಟಿದ್ದಾರೆ. ‘ಹರಿ ಅವನ ಅಂಗಡಿ ಮಾರಿದ’ ಎಂದರೆ ಕೆಲವರಿಗೆ ಮೊದಲು ಬೇರೆಯವನ ಅಂಗಡಿ ಹೊಳೆಯುತ್ತದೆ, ಇನ್ನು ಕೆಲವರಿಗೆ ಹರಿಯದೂ ಆಗಬಹುದು ಅನ್ನಿಸುತ್ತದೆ. ಮೊದಲ ಪುಟದ ‘ಅವಳನ್ನು ಹೊಗಳಿದಳು’ ಎಂಬಲ್ಲಿ ಕೂಡ, ಬಂಧನ ಸಿದ್ಧಾಂತ ಪದ್ಮಳನ್ನು ನಿಷೇಧಿಸುವುದಿಲ್ಲ. ಅವಳು ಆ ಉಪವಾಕ್ಯದ ಹೊರಗಿದ್ದಾಳೆ. ಆದರೂ ನಾವು ಅವಳನ್ನು ಬಿಟ್ಟು ಸಾವಿತ್ರಿಯ ಕಡೆ ಹೋದದ್ದು, ಪದ್ಮ ಎನ್ನಲು ‘ತನ್ನನ್ನು’ ಎಂಬ ಖಚಿತ ಪದ ಕೈಯಲ್ಲಿರುವಾಗ ಹೇಳಿದವರು ಅದನ್ನು ಯಾಕೆ ಬಳಸಲಿಲ್ಲ ಎಂದು ಲೆಕ್ಕ ಹಾಕಿದ್ದರಿಂದ. ‘ತನ್ನ’ ಬಿಟ್ಟು ‘ಅವನ’ ಎಂದೇ ರೂಢಿಯಾದವರಿಗೆ ಈ ಲೆಕ್ಕ ಸಡಿಲವಾಗಿರುತ್ತದೆ, ಅವರ ಕಿವಿಗೆ ಆ ವಾಕ್ಯದಲ್ಲಿ ಪದ್ಮಳೂ ಸ್ಪರ್ಧೆಯಲ್ಲಿರುತ್ತಾಳೆ. ‘ಹೊಗಳಿದಳು’ ಮತ್ತು ‘ಹೊಗಳಿಕೊಂಡಳು’ಗಳ ವಿಷಯದಲ್ಲಿ ಮಾತ್ರ ಇಂಥ ಭಿನ್ನಮತ ಕಡಿಮೆ. ಕನ್ನಡದ ಆತ್ಮಾರ್ಥಕಗಳನ್ನು ಅಧ್ಯಯನ ಮಾಡಿದ ಆರ್. ಅಮೃತವಲ್ಲಿ, ಲಿಡ್ಜ್ ಇಬ್ಬರೂ ಸರ್ವನಾಮದಷ್ಟೇ ಗಮನವನ್ನು ‘ಕೊಳ್ಳು’ ಎಂಬ ಕ್ರಿಯಾರೂಪಕ್ಕೂ ಕೊಟ್ಟದ್ದು ಅದಕ್ಕೇ ಸರಿಯಾಗಿದೆ.